ಬಿಸಿಲಿಗೆ ಬದಲಾಗುವ ಕಚೇರಿ ಗಡಿಯಾರ

2025ರ ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಏಳು ಜಿಲ್ಲೆಗಳಲ್ಲಿ, ಜತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಿದವು. ಏಪ್ರಿಲ್, ಮೇ ಎರಡು ತಿಂಗಳಿಗಷ್ಟೇ ಈ ಏರ್ಪಾಡು. ಕಾರಣ ಬೇರೇನಲ್ಲ, ಬಿಸಿಲು.

ಇಂಥ ಆದೇಶವನ್ನು ಸಿಬ್ಬಂದಿಗೆ ತಿಳಿಸುವ ಸುತ್ತೋಲೆ ಅರ್ಧ ಪುಟ ಮೀರಬೇಕಿಲ್ಲ. ಹೊಸ ವೇಳೆಯ ಪಕ್ಕದಲ್ಲೇ ಹಳೆಯ ವೇಳೆ ಇರಲಿ. ಕಾರಣಕ್ಕೆ ಒಂದು ಸಾಲು ಸಾಕು. ‘ಆಡಳಿತಾತ್ಮಕ ಕಾರಣಗಳಿಂದ’ ಎಂದು ಬರೆದರೆ ಮಾತ್ರ ಗುಸುಗುಸು ಶುರುವಾಗುತ್ತದೆ. ಎಡವುವುದು ಹೆಚ್ಚಾಗಿ ದಿನಾಂಕದಲ್ಲಿ. ‘ಮುಂದಿನ ಸೋಮವಾರದಿಂದ’ ಎಂಬುದನ್ನು ಶುಕ್ರವಾರ ಓದಿದವರು ಒಂದು ಅರ್ಥ ಮಾಡಿಕೊಂಡರೆ, ರಜೆ ಮುಗಿಸಿ ಬಂದು ಮಂಗಳವಾರ ಓದಿದವರು ಇನ್ನೊಂದು ಮಾಡಿಕೊಳ್ಳುತ್ತಾರೆ. ‘ಏಪ್ರಿಲ್ 1ರಿಂದ ಮೇ 31ರವರೆಗೆ’ ಎಂದರೆ ತಕರಾರಿಲ್ಲ. ಕೊನೆಯ ದಿನ ಬಿಟ್ಟುಹೋದರೆ ಜೂನ್ 1ರಂದು ಅರ್ಧ ಕಚೇರಿ 8ಕ್ಕೆ, ಇನ್ನರ್ಧ 10ಕ್ಕೆ ಬರುತ್ತದೆ.

ಸುತ್ತೋಲೆಯ ಒಂದು ಪ್ರತಿಯನ್ನು ಹೊರಬಾಗಿಲಿಗೂ ಅಂಟಿಸಿ. ಮಧ್ಯಾಹ್ನ 2ರ ಬಸ್ಸಿಗೆ ಹಳ್ಳಿಯಿಂದ ಬಂದಿಳಿಯುವವರಿಗೆ ಒಳಗಿನ ನೋಟಿಸ್ ಬೋರ್ಡು ಕಾಣುವುದಿಲ್ಲ.