ಭಾನುವಾರದ ಊಟ ನೋಡಿ ಮೆಸ್ ಸೇರಬೇಡಿ

ಕೆಲಸ ಸಿಕ್ಕಿ ಪುಣೆಗೆ ಹೋಗುವ ನಮ್ಮ ಕಡೆಯ ಹುಡುಗರು ಮೊದಲು ರೂಮು ಹುಡುಕುತ್ತಾರೆ, ಆಮೇಲೆ ಊಟ. ಅಷ್ಟರಲ್ಲಿ ಹೋಟೆಲಿನ ಪನೀರು, ನಾನ್ ತಿಂದು ಹೊಟ್ಟೆ ಕೆಟ್ಟಿರುತ್ತದೆ. ಯಾರೋ ಒಬ್ಬರು ‘ಅಲ್ಲೊಂದು ಮನೆ ಊಟದ ಮೆಸ್ ಇದೆ’ ಅಂದರೆ ಸಾಕು, ರಜೆ ಇದೆಯೆಂದು ಭಾನುವಾರ ಮಧ್ಯಾಹ್ನ ಹೋಗಿ ಉಂಡು, ಖುಷಿಯಾಗಿ, ಕೈ ತೊಳೆದುಕೊಂಡೇ ಒಂದು ತಿಂಗಳ ದುಡ್ಡು ಕಟ್ಟಿ ಬರುತ್ತಾರೆ.

ಅಲ್ಲೇ ಎಡವುವುದು. ಪುಣೆಯ ಮೆಸ್ಸುಗಳಲ್ಲಿ ಭಾನುವಾರ ಮಧ್ಯಾಹ್ನದ್ದು ‘ಫೀಸ್ಟ್’. ಅವತ್ತು ಪೂರಿ, ಶ್ರೀಖಂಡ ಅಥವಾ ಗುಲಾಬ್ ಜಾಮೂನು, ಮಸಾಲೆ ಭಾತು, ಬಟಾಟೆ ಪಲ್ಯ ಎಲ್ಲ ಇರುತ್ತವೆ. ಅದೇ ದಿನ ರಾತ್ರಿ ಹೆಚ್ಚಿನ ಮೆಸ್ಸುಗಳಿಗೆ ರಜೆ. ಹಬ್ಬದ ದಿನ ಹೆಣ್ಣು ನೋಡಲು ಹೋದಂತೆ ಇದು. ಮನೆ ಹೇಗಿದೆ ಅಂತ ಗೊತ್ತಾಗುವುದು ಬುಧವಾರ.

ಹಾಗಾಗಿ ಬುಧವಾರವೋ ಗುರುವಾರವೋ ರಾತ್ರಿ ಹೋಗಿ. ಅದೂ ಬಾಗಿಲು ತೆಗೆದ ತಕ್ಷಣ ಬೇಡ, ಮುಚ್ಚಲು ಮುಕ್ಕಾಲು ಗಂಟೆ ಇದೆ ಅನ್ನುವಾಗ ಹೋಗಿ. ಒಂದು ಊಟದ ದುಡ್ಡು ಕೊಟ್ಟು ಉಣ್ಣಲು ಹೆಚ್ಚಿನ ಕಡೆ ಬಿಡುತ್ತಾರೆ. ನೋಡಬೇಕಾದ್ದು ಆಮ್ಟಿ, ಅಂದರೆ ಬೆಲ್ಲ, ಹುಣಸೆಹುಳಿ, ಗೋಡಾ ಮಸಾಲೆ ಹಾಕಿದ ಅವರ ತೊಗರಿಬೇಳೆ ಸಾರು. ಜನ ಜಾಸ್ತಿ ಬಂದಾಗ ಮೊದಲು ನೀರು ಬೀಳುವುದು ಅದಕ್ಕೇ. ಸೌಟು ಹಾಕಿ ಎತ್ತಿದರೆ ಬೇಳೆ ತಳದಲ್ಲಿ, ತಿಳಿನೀರು ಮೇಲೆ ನಿಂತಿದ್ದರೆ ಕುದಿಸಿದ ಮೇಲೆ ನೀರು ಬೆರೆಸಿದ್ದಾರೆ ಎಂದೇ ಅರ್ಥ. ಪೋಳಿ, ಅಂದರೆ ಚಪಾತಿ, ಮುರಿದು ನೋಡಿ. ಬೆಳಿಗ್ಗೆ ಮಾಡಿಟ್ಟದ್ದು ಅಂಚಿನಲ್ಲಿ ಗಟ್ಟಿಯಾಗಿ ಚರ್ಮದ ಹಾಗೆ ಎಳೆಯುತ್ತದೆ. ಪಲ್ಯದ ಮೇಲೆ ಎಣ್ಣೆ ತೇಲುವುದೇ ರುಚಿಯ ಗುರುತು ಅಂದುಕೊಳ್ಳಬೇಡಿ. ದಿನಾ ಉಣ್ಣುವವನಿಗೆ ಅದೇ ಕಾಟ.

ಪಕ್ಕದಲ್ಲಿ ಉಣ್ಣುತ್ತಿರುವ ಹಳಬರನ್ನು ‘ಊಟ ಹೇಗಿದೆ’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ‘ನಿನ್ನೆ ಏನು ಪಲ್ಯ, ಮೊನ್ನೆ ಏನು’ ಅಂತ ಕೇಳಿ. ಕೋಸು, ಮಡಕೆ ಕಾಳಿನ ಉಸಳಿ, ಬದನೆ, ಮೆಂತ್ಯ ಅಂತ ಬೇರೆ ಬೇರೆ ಹೆಸರು ಬಂದರೆ ಸರಿ. ಮೂರು ದಿನವೂ ಬಟಾಟೆಯೇ ಬೇರೆ ಬೇರೆ ವೇಷದಲ್ಲಿ ಬಂದಿದ್ದರೆ ಎದ್ದು ಬನ್ನಿ.

ಸಸ್ಯಾಹಾರಿಗಳು ಇನ್ನೊಂದು ಮಾತು ಕೇಳಲೇಬೇಕು. ‘ವೆಜ್ ಸಿಗುತ್ತದೆ’ ಎನ್ನುವುದಕ್ಕೂ ‘ಶುದ್ಧ ಶಾಕಾಹಾರಿ’ ಎನ್ನುವುದಕ್ಕೂ ದೂರ ಬಹಳ. ಬುಧವಾರ, ಶುಕ್ರವಾರ ಅಂಡಾ ಕರಿ ಮಾಡುವ ಅಡುಗೆಮನೆಯಲ್ಲಿ ಅದೇ ಸೌಟು, ಅದೇ ಕರಿದ ಎಣ್ಣೆ ಪಲ್ಯಕ್ಕೂ ಬರಬಹುದು. ನಿಮಗೆ ಅದರಿಂದ ತೊಂದರೆ ಇಲ್ಲದಿದ್ದರೆ ಸರಿ. ಇದ್ದರೆ ಮೊದಲ ದಿನವೇ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸದಾಶಿವ ಪೇಠೆ, ನಾರಾಯಣ ಪೇಠೆ, ಕೋಥ್ರೂಡಿನಂಥ ಕಡೆ ಶುದ್ಧ ಶಾಕಾಹಾರಿ ಮೆಸ್ ಹುಡುಕುವುದು ಕಷ್ಟವಲ್ಲ. ಹಿಂಜೆವಾಡಿ, ವಾಕಡ್ ಕಡೆ ಬೇರೆ ಬೇರೆ ರಾಜ್ಯದವರಿಗೆಂದು ಮಾಡುವ ಡಬ್ಬಾಗಳೇ ಹೆಚ್ಚು, ಅಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ.

ಇನ್ನು ದುಡ್ಡಿನ ಮಾತು. ಪುಣೆಯಲ್ಲಿ ಮೆಸ್ ಸೇರುವವರು ಮೊದಲು ಕಲಿಯಬೇಕಾದ ಮರಾಠಿ ಪದ ‘ಖಾಡಾ’. ನೀವು ಉಣ್ಣಲು ಬಾರದ ದಿನಕ್ಕೆ ಖಾಡಾ ಅನ್ನುತ್ತಾರೆ. ಹಾಲಿನವನ ಲೆಕ್ಕದಲ್ಲೂ ಇದೇ ಮಾತು. ಮೆಸ್ ನಡೆಸುವ ಹೆಂಗಸನ್ನು ಎಲ್ಲರೂ ಕರೆಯುವುದು ‘ಕಾಕು’ ಅಂತ. ‘ಕಾಕು, ಖಾಡೇ ಕಸೇ ಧರತಾ?’ ಎಂದು ಕೇಳಿದರೆ ಅರ್ಧ ಮೆಸ್ಸಿನ ಕಥೆ ಹೊರಗೆ ಬರುತ್ತದೆ. ಕೆಲವರು ಒಂದು ದಿನದ ಖಾಡಾ ಹಿಡಿಯುವುದೇ ಇಲ್ಲ. ಸತತ ಮೂರು ದಿನ ಇಲ್ಲದಿದ್ದರೆ, ಅದೂ ಮುಂಚೆ ಹೇಳಿದ್ದರೆ ಮಾತ್ರ ಲೆಕ್ಕ. ಕೆಲವರು ದುಡ್ಡು ವಾಪಸ್ ಕೊಡುವುದಿಲ್ಲ, ತಿಂಗಳನ್ನು ಅಷ್ಟು ದಿನ ಮುಂದೆ ದೂಡುತ್ತಾರೆ. ಕೂಪನ್ ಪುಸ್ತಕ ಕೊಡುವ ಕಡೆ ಖಾಡೆಯ ತಂಟೆಯೇ ಇಲ್ಲ, ಉಂಡ ದಿನ ಒಂದು ಚೀಟಿ ಹರಿದು ಕೊಡುವುದು. ಆದರೆ ಅದರ ಅವಧಿ ಎಷ್ಟು ದಿನ ಅಂತ ನೋಡಿಕೊಳ್ಳಿ.

ಕಾಕುವಿನದು ಹಟವಲ್ಲ. ಮಧ್ಯಾಹ್ನದ ಊಟಕ್ಕೆ ಹಿಟ್ಟು ಕಲಸುವುದು ಬೆಳಿಗ್ಗೆಯೇ. ಹತ್ತು ಗಂಟೆಗೆ ಎದ್ದು ‘ಇವತ್ತು ಬರಲ್ಲ’ ಅಂದರೆ ನಿಮ್ಮ ಪಾಲಿನ ನಾಲ್ಕು ಪೋಳಿ ಆಗಲೇ ಬೆಂದಿರುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ. ಎರಡು ಹೊತ್ತಿನ ಮೆಸ್ಸಿಗೆ ತಿಂಗಳಿಗೆ 3600 ರೂಪಾಯಿ ಅಂತ ಇಟ್ಟುಕೊಳ್ಳಿ. 30 ದಿನಕ್ಕೆ 60 ಊಟ, ನಾಲ್ಕು ಭಾನುವಾರದ ರಾತ್ರಿ ಕಳೆದರೆ 56. ಊಟವೊಂದಕ್ಕೆ 64 ರೂಪಾಯಿ, ಅಗ್ಗವೇ. ಆದರೆ ಹುಡುಗನಿಗೆ ವಾರದ ಐದು ದಿನ ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲೇ ಊಟ. ಆ 22 ಊಟ ಹೋದರೆ ಉಳಿದದ್ದು 34. ಒಂದು ಊಟಕ್ಕೆ 106 ರೂಪಾಯಿ ಬಿತ್ತು. ರಾತ್ರಿ ಕೆಲಸ ಮುಗಿಯದೆ ಆರು ದಿನ ತಪ್ಪಿಸಿದನೋ, ಸುಮಾರು 129. ಅವನಿಗೆ ಬೇಕಿದ್ದದ್ದು ರಾತ್ರಿಯದೊಂದೇ ಊಟದ ಮೆಸ್, ಅಥವಾ ಕೂಪನ್.

ಮನೆಗೇ ಬರುವ ಡಬ್ಬಾದಲ್ಲಿ ಹಾಫ್ ಅಂದರೆ ಸಾಮಾನ್ಯವಾಗಿ ಪೋಳಿ, ಪಲ್ಯ. ಫುಲ್ ಅಂದರೆ ಅದರ ಜತೆ ಬೇಳೆ, ಅನ್ನ. ಇಲ್ಲಿ ಎಚ್ಚರ ಬೇಕಾದ್ದು ಹೊತ್ತಿನ ಬಗ್ಗೆ. ಹತ್ತಕ್ಕೆ ತುಂಬಿದ ಡಬ್ಬಾ ನಿಮ್ಮ ಕೈಗೆ ಹನ್ನೆರಡಕ್ಕೆ ಬಂದು, ಮೀಟಿಂಗ್ ಮುಗಿಸಿ ನೀವು ಮೂರಕ್ಕೆ ತೆರೆದರೆ, ಉಗುರುಬೆಚ್ಚಗಿನ ಅನ್ನ ಐದು ಗಂಟೆ ಮುಚ್ಚಳದೊಳಗೆ ಇದ್ದಂತಾಯಿತು. ಅನ್ನದಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯಲ್ಲೂ ಗೊತ್ತಾಗದಿರಬಹುದು. ಅನ್ನ ಅಂಟಂಟಾಗಿದ್ದರೆ, ಬೇಳೆಯ ಮೇಲೆ ಸಣ್ಣ ನೊರೆ ಕಂಡರೆ ಯೋಚಿಸದೆ ಚೆಲ್ಲಿ. ತಡವಾಗಿ ಉಣ್ಣುವವರಿಗೆ ಹಾಫ್ ಡಬ್ಬಾವೇ ವಾಸಿ. ಅಡುಗೆ ಎಲ್ಲಿ ಮಾಡುತ್ತಾರೆ ಎಂದು ಒಮ್ಮೆ ಹೋಗಿ ನೋಡಿ. ವ್ಯಾಪಾರಕ್ಕೆಂದು ಮಾಡುವ ಸಣ್ಣ ಅಡುಗೆಮನೆಗೂ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕು.

ಇಷ್ಟೆಲ್ಲ ಸರಿಹೋದರೂ ನಮ್ಮವರಿಗೆ, ಅದರಲ್ಲೂ ಮೈಸೂರು, ಶಿವಮೊಗ್ಗ ಕಡೆಯವರಿಗೆ, ಒಂದು ಕೊರತೆ ಉಳಿಯುತ್ತದೆ. ಅಲ್ಲಿ ಅನ್ನ ಒಂದು ಬಟ್ಟಲು, ಅದೂ ಕೊನೆಗೆ. ಶೇಂಗಾ ಪುಡಿ ಹಾಕಿದ ಪಲ್ಯ ಧಾರವಾಡದ ಹುಡುಗನಿಗೆ ಮನೆಯದೇ ಅನ್ನಿಸುತ್ತದೆ, ಹಾಸನದವನಿಗೆ ಮೊಸರನ್ನ ಬೇಕೇ ಬೇಕು. ಇದಕ್ಕೆ ಒಳ್ಳೆಯ ದಾರಿ ಪೋಳಿ-ಭಾಜಿ ಕೇಂದ್ರ. ಓಣಿಗೊಂದರಂತೆ ಇರುವ ಈ ಪುಟ್ಟ ಅಂಗಡಿಗಳಲ್ಲಿ ಪೋಳಿ ಎಣಿಸಿ ಕೊಡುತ್ತಾರೆ, ಪಲ್ಯ, ಆಮ್ಟಿಯನ್ನು ಪ್ಯಾಕೆಟ್ಟಿನಲ್ಲಿ ಕೊಡುತ್ತಾರೆ. ಕೂರಲು ಜಾಗವಿಲ್ಲ, ತಿಂಗಳ ಲೆಕ್ಕವಿಲ್ಲ, ಖಾಡಾ ಇಲ್ಲ. ರೂಮಿನಲ್ಲಿ ಒಂದು ಪುಟ್ಟ ರೈಸ್ ಕುಕ್ಕರ್ ಇಟ್ಟು ಒಂದು ಲೋಟ ಅಕ್ಕಿ ಇಟ್ಟುಬಿಟ್ಟರೆ, ಕೇಂದ್ರದ ಪಲ್ಯ, ಡೈರಿಯ ಮೊಸರು, ಊರಿಂದ ತಂದ ಉಪ್ಪಿನಕಾಯಿ ಸೇರಿ ಊಟ ಮುಗಿಯುತ್ತದೆ. ಅಕ್ಕಿ ಕೊಳ್ಳುವಾಗ ಇಂದ್ರಾಯಣಿ ಬೇಡ, ಅದು ಘಮಘಮ ಆದರೂ ಮೆತ್ತಗೆ ಅಂಟುತ್ತದೆ. ಕೋಲಂ ಕೇಳಿ, ನಮ್ಮ ಸೋನಾ ಮಸೂರಿಗೆ ಹತ್ತಿರ. ಪಿಜಿಯಲ್ಲಿ ಕುಕ್ಕರ್ ಬಿಡುತ್ತಾರೋ ಇಲ್ಲವೋ ಅನ್ನುವುದನ್ನು ಮಾತ್ರ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಬೇಕು.

ದೀಪಾವಳಿಯಲ್ಲಿ ಹೆಚ್ಚಿನ ಮೆಸ್ಸೂ ಇರುವುದಿಲ್ಲ, ಕೇಂದ್ರವೂ ಇರುವುದಿಲ್ಲ. ಕಾಕು, ಅಡುಗೆಯವರು ಊರಿಗೆ ಹೋಗಿರುತ್ತಾರೆ. ವಿದ್ಯಾರ್ಥಿಗಳನ್ನೇ ನಂಬಿದ ಮೆಸ್ಸುಗಳು ಮೇ ತಿಂಗಳಲ್ಲೂ ಬಾಗಿಲು ಹಾಕಬಹುದು. ಆ ದಿನಗಳ ದುಡ್ಡು ಕಳೆಯುತ್ತಾರೋ ಎಂಬುದನ್ನು ಖಾಡೆಯ ಮಾತಿನ ಜತೆಗೇ ಕೇಳಿ ಮುಗಿಸಿಬಿಡಿ.