ಹೊಲಿಗೆ ಬಿದ್ದ ಗಾಯ: ಮೂರನೇ ದಿನ ಏನು ನೋಡಬೇಕು?

ರಾಗಿ ಕೊಯ್ಯುವಾಗ ಬಲಗೈಯಲ್ಲಿ ಕುಡುಗೋಲು, ಎಡಗೈಯಲ್ಲಿ ಪೈರಿನ ಹಿಡಿ. ಕುಡುಗೋಲು ಜಾರಿದರೆ ಏಟು ಎಡಗೈಗೇ. ಹೀಗೆ ಮುಂಗೈ ಕೊಯ್ದುಕೊಂಡ ಮಹಿಳೆಯೊಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರು ಹೊಲಿಗೆ ಹಾಕಿಸಿಕೊಂಡು, ಟಿಡಿ ಇಂಜೆಕ್ಷನ್ ತೆಗೆದುಕೊಂಡು ಮನೆಗೆ ಬಂದರು ಎಂದುಕೊಳ್ಳೋಣ. ಇನ್ನು ಗಾಯದ ಆರೈಕೆ ಮನೆಯವರದು.

ವೈದ್ಯರು ಬೇರೆ ಹೇಳದಿದ್ದರೆ ಮೊದಲ 24ರಿಂದ 48 ಗಂಟೆ ಪಟ್ಟಿ ಬಿಚ್ಚಬಾರದು, ನೆನೆಯಲೂ ಬಿಡಬಾರದು. ಅಷ್ಟರಲ್ಲಿ ಗಾಯದ ಎರಡೂ ಅಂಚಿನಿಂದ ಹೊಸ ಜೀವಕೋಶಗಳು ಸರಿದು ಬಂದು ಸೀಳಿನ ಮೇಲೆ ತೆಳುಪದರ ಹೊದಿಸುತ್ತವೆ. ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟರೆ ಊತ, ನೋವು ಎರಡೂ ಇಳಿಯುತ್ತವೆ.

ಆಮೇಲೆ ದಿನಕ್ಕೊಮ್ಮೆ ಡ್ರೆಸಿಂಗ್ ಬದಲಿಸಿದರೆ ಸಾಕು. ಒದ್ದೆಯಾದರೆ ಅಥವಾ ಕೊಳೆಯಾದರೆ ಆಗಲೇ ಬದಲಿಸಬೇಕು. ಪಟ್ಟಿ ಬಿಚ್ಚುವವರು ಮೊದಲು ಸೋಪಿನಿಂದ ಕೈ ತೊಳೆಯಬೇಕು. ಗಾಜ್ ಬಟ್ಟೆ ಗಾಯಕ್ಕೆ ಅಂಟಿದ್ದರೆ ಕಿತ್ತೆಳೆಯದೆ, ಕುದಿಸಿ ಆರಿಸಿದ ನೀರಿನಿಂದ ನೆನೆಸಿ ಬಿಡಿಸಬೇಕು. ಅದೇ ನೀರಿನಿಂದ ಹಗುರವಾಗಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಮತ್ತೆ ಕೈ ತೊಳೆದು ಹೊಸ ಗಾಜ್ ಇಟ್ಟು ಟೇಪ್ ಅಂಟಿಸಬೇಕು. ಅರಿಶಿನ, ಕಾಫಿಪುಡಿ, ಬೂದಿ ಬೇಡ. ಅವು ಹೊರಗಿನ ಕೊಳೆಯನ್ನು ಒಳಗೆ ಸೇರಿಸುತ್ತವೆ, ಕೆಂಪೇರಿದೆಯೋ ಇಲ್ಲವೋ ಎಂಬುದನ್ನೂ ಮರೆಮಾಚುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸ್ಪಿರಿಟ್ ಹೊಸ ಜೀವಕೋಶಗಳನ್ನೇ ಸುಡುತ್ತವೆ.

ಮೊದಲ ಎರಡು ದಿನ ಅಂಚು ತುಸು ಕೆಂಪಾಗುವುದು, ಊದುವುದು, ತಿಳಿ ನೀರು ಜಿನುಗುವುದು ಸಹಜ. ಮೂರನೇ ದಿನದ ಹೊತ್ತಿಗೆ ಇವೆಲ್ಲ ಇಳಿಮುಖವಾಗಿರಬೇಕು. ಸೋಂಕು ತಗಲಿದ್ದರೆ ಆಗುವುದು ಇದರ ತಿರುಗುಮುರುಗು: ತಗ್ಗಿದ್ದ ನೋವು ಮತ್ತೆ ಏರುತ್ತದೆ, ಸುತ್ತಲಿನ ಚರ್ಮ ಬಿಸಿಯಾಗುತ್ತದೆ, ಜಿನುಗುವ ನೀರು ದಪ್ಪಗಾಗಿ ಹಳದಿಗೋ ಹಸಿರಿಗೋ ತಿರುಗಿ ನಾರುತ್ತದೆ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಗಾಯ ತೋರಿಸಬೇಕು.

ಅನುಮಾನವಿದ್ದರೆ ಕೆಂಪಿನ ಅಂಚಿನುದ್ದಕ್ಕೂ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಡಬಹುದು. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದು. ಅಲ್ಲಿ ಬಿಸಿ ಮತ್ತು ಬಿಗಿತವನ್ನು ಮುಟ್ಟಿ ನೋಡಬೇಕು. ಕೆಂಪು ಗೆರೆ ದಾಟಿದರೆ ಕಾಯುವಂತಿಲ್ಲ. ಮುಂಗೈಯಿಂದ ಕಂಕುಳಿನತ್ತ ಕೆಂಪು ಎಳೆ ಹರಿದರೆ, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚು ಜ್ವರ ಬಂದರೆ, ಬೆರಳು ಮರಗಟ್ಟಿದರೆ, ಹೊಲಿಗೆ ಬಿಟ್ಟುಕೊಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ನೋವೇ ಗೊತ್ತಾಗದ ಕಾರಣ ಅವರು ಗಾಯವನ್ನು ದಿನವೂ ಕಣ್ಣಾರೆ ನೋಡಬೇಕು. ಮನೆಯಲ್ಲಿ ಉಳಿದ ಹಳೆಯ ಆ್ಯಂಟಿಬಯೋಟಿಕ್ ಮಾತ್ರೆ ನುಂಗುವುದು ತಪ್ಪು.

ಎಲ್ಲ ಸರಿಯಿದ್ದರೆ ಮುಂಗೈಯ ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ, ಕಾಲಿನದಾದರೆ 10ರಿಂದ 14 ದಿನಕ್ಕೆ. ಮೂರನೇ ವಾರದಲ್ಲೂ ಆ ಜಾಗಕ್ಕೆ ಮೊದಲಿದ್ದ ಬಲದ ಸುಮಾರು ಐದನೇ ಒಂದು ಪಾಲಷ್ಟೇ ಬಂದಿರುತ್ತದೆ. ಹಾಗಾಗಿ ಹೊಲಿಗೆ ಬಿಚ್ಚಿದ ಮರುದಿನವೇ ಆ ಕೈಯಲ್ಲಿ ನೀರಿನ ಕೊಡ ಎತ್ತುವಂತಿಲ್ಲ.