ಮೊಣಕೈಯಲ್ಲಿ ಸಿಲುಕಿದ ನರ



ಮೊಣಕೈಯ ಒಳಮಗ್ಗುಲು ಬಾಗಿಲ ಚೌಕಟ್ಟಿಗೆ ತಗುಲಿದಾಗ ಕಿರುಬೆರಳಿನ ತುದಿಯವರೆಗೆ ಕರೆಂಟು ಹೊಡೆದಂತಾಗುವುದನ್ನು ಅನುಭವಿಸದವರು ಈ ಸಭೆಯಲ್ಲಿ ಯಾರೂ ಇರಲಾರರು. ಆ ಮಿಂಚು ಹರಿಯುವುದು ಎಲುಬಿನಲ್ಲಲ್ಲ, ಅಲ್ನರ್ ಎಂಬ ನರದಲ್ಲಿ. ಕುತ್ತಿಗೆಯಿಂದ ಹೊರಟ ಈ ನರ ತೋಳಿನುದ್ದಕ್ಕೂ ಮಾಂಸದ ಮರೆಯಲ್ಲಿ ಬಂದು, ಮೊಣಕೈಯ ಒಳಗಡೆಯ ಎಲುಬುಗಂಟಿನ ಹಿಂದೆ ಮಾತ್ರ ಚರ್ಮದ ಕೆಳಗೇ ಹಾಯುತ್ತದೆ. ಅಲ್ಲಿ ಅದಕ್ಕೆ ಕೆಳಗೆ ಎಲುಬಿನ ತೋಡು, ಮೇಲೆ ಬಿಗಿಯಾದ ನಾರಿನ ಪಟ್ಟಿ. ಈ ಪಟ್ಟಿಯ ಒತ್ತಡವನ್ನು 1957ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಆಸ್ಬೋರ್ನ್ ವಿವರಿಸಿದರು. ಮರುವರ್ಷ ಫೈಂಡೆಲ್ ಮತ್ತು ಸ್ಟ್ರಾಟ್‌ಫರ್ಡ್ ಈ ದಾರಿಗೆ ಕ್ಯೂಬಿಟಲ್ ಸುರಂಗವೆಂದು ಹೆಸರಿಟ್ಟರು. ಮೊಣಕೈ ಮಡಿಸಿದಾಗ ಪಟ್ಟಿ ಬಿಗಿಯಾಗುತ್ತದೆ, ಸುರಂಗ ಕಿರಿದಾಗುತ್ತದೆ, ನರವೂ ಸುಮಾರು ಅರ್ಧ ಸೆಂಟಿಮೀಟರ್ ಎಳೆಯಲ್ಪಡುತ್ತದೆ. ನಿದ್ದೆಯಲ್ಲಿ ಕೈ ಮಡಿಸಿ ತಲೆಯಡಿ ಇಟ್ಟುಕೊಳ್ಳುವವರಿಗೂ ಊರಿನವರೊಡನೆ ಗಂಟೆಗಟ್ಟಲೆ ಫೋನು ಹಿಡಿದು ಮಾತನಾಡುವವರಿಗೂ ಜೋಮು ಹಿಡಿಯುವುದು ಇದರಿಂದಲೇ.

ನಾವು ಕಂಡ ಹಲವರ ಕಥೆಗಳನ್ನು ಸೇರಿಸಿ ಒಬ್ಬರನ್ನಾಗಿ ಮಾಡಿ ಹೇಳುತ್ತೇವೆ. ನಲವತ್ತಾರು ವರ್ಷದ ಲೆಕ್ಕಪತ್ರಾಧಿಕಾರಿ. ದಮ್ಮಾಮಿನಲ್ಲಿ ಮನೆ, ಜುಬೈಲಿನಲ್ಲಿ ಕೆಲಸ, ದಿನವೂ ಹೋಗಿಬರುವ ದೀರ್ಘ ಹೆದ್ದಾರಿ ಪ್ರಯಾಣ. ಇಲ್ಲಿ ಚಾಲಕನ ಆಸನ ಎಡಕ್ಕಿರುವುದರಿಂದ ಬಾಗಿಲಿನ ಅಂಚಿಗೆ ಊರುವುದು ಎಡಮೊಣಕೈ. ನಮ್ಮ ದೇಶದಲ್ಲಾದರೆ ಬಲಮೊಣಕೈ ಇರುತ್ತಿತ್ತು. ಆದ್ದರಿಂದ ರೋಗಿ ಯಾವ ಕೈ ಚಾಚಿದರೂ ಯಾವ ದೇಶದಲ್ಲಿ ವಾಹನ ನಡೆಸುತ್ತಾರೆಂದು ಕೇಳುವುದು ನಮಗೆ ಅಭ್ಯಾಸವಾಗಿದೆ. ಮೊದಲು ಎಡ ಕಿರುಬೆರಳಿಗೆ ಆಗಾಗ ಜೋಮು. ಆರು ತಿಂಗಳಲ್ಲಿ ಅದು ಸದಾಕಾಲದ್ದಾಯಿತು. “ಹೇಗೂ ವರ್ಷದ ರಜೆಗೆ ಊರಿಗೆ ಹೋಗುತ್ತೇವಲ್ಲ, ಅಲ್ಲೇ ತೋರಿಸೋಣ ಡಾಕ್ಟರೇ” ಎಂದು ಅವರು ಮುಂದೂಡಿದ್ದರು. ಅಷ್ಟರಲ್ಲಿ ಅಂಗಿಯ ಗುಂಡಿ ಹಾಕುವುದು ಕಷ್ಟವಾಗಿ, ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಇಳಿದು ಸಣ್ಣ ಹಳ್ಳ ಕಾಣಿಸಿಕೊಂಡಿತು.

ಪರೀಕ್ಷಿಸುವಾಗ ನಾವು ಮೊದಲು ನೋಡುವುದು ಉಂಗುರ ಬೆರಳನ್ನು. ಅದರ ಕಿರುಬೆರಳ ಕಡೆಯ ಅರ್ಧದಲ್ಲಿ ಸ್ಪರ್ಶ ಮಂಕಾಗಿ, ನಡುಬೆರಳ ಕಡೆಯ ಅರ್ಧದಲ್ಲಿ ಸರಿಯಾಗಿದ್ದರೆ ತೊಂದರೆ ಬಹುಮಟ್ಟಿಗೆ ಈ ನರದ್ದೇ. ಕುತ್ತಿಗೆಯ ತೊಂದರೆ ಒಂದೇ ಬೆರಳನ್ನು ಹೀಗೆ ಸೀಳಿ ಹಂಚುವುದು ಅಪರೂಪ. ಮುಂಗೈಯ ಒಳಪಕ್ಕವೂ ಮಂಕಾಗಿದ್ದರೆ ಕುತ್ತಿಗೆಯತ್ತ ತಿರುಗಬೇಕು, ಏಕೆಂದರೆ ಆ ಚರ್ಮಕ್ಕೆ ಬೇರೆ ನರವಿದೆ. ಇನ್ನು ಹಸ್ತದ ಹಿಂಬದಿಯಲ್ಲಿ ಕಿರುಬೆರಳ ಪಕ್ಕದ ಚರ್ಮ. ಅದಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಮೇಲೆಯೇ ಒಡೆದುಹೋಗುವುದರಿಂದ, ಅಲ್ಲಿಯೂ ಜೋಮಿದ್ದರೆ ನರ ಸಿಲುಕಿರುವುದು ಮಣಿಕಟ್ಟಿನಲ್ಲಲ್ಲ, ಅದಕ್ಕಿಂತ ಮೇಲೆ. ನಂತರ ಒಂದು ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಒತ್ತಿ ಹಿಡಿಯಲು ಹೇಳಿ ನಾವು ಎಳೆಯುತ್ತೇವೆ. ಆರೋಗ್ಯವಂತರು ಹೆಬ್ಬೆರಳನ್ನು ನೇರವಾಗಿಟ್ಟೇ ಹಿಡಿಯುತ್ತಾರೆ. ನಮ್ಮ ರೋಗಿ ಹೆಬ್ಬೆರಳ ತುದಿಯ ಗೆಣ್ಣನ್ನು ಮಡಿಸಿದರು. ಸೋತ ಸ್ನಾಯುವಿನ ಕೆಲಸವನ್ನು ಬೇರೊಂದು ನರದ ಸ್ನಾಯುವಿನಿಂದ ಎರವಲು ಪಡೆದರು ಎಂದರ್ಥ. 1915ರಲ್ಲಿ ಫ್ರಾನ್ಸಿನ ಫ್ರೊಮಾಂ ಹೇಳಿಕೊಟ್ಟ ಈ ಗುರುತಿಗೆ ಇಂದಿಗೂ ಬೆಲೆ ಕುಂದಿಲ್ಲ.

ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಭಾರತದಿಂದ ಬಂದವರ ಮೊಣಕೈ ಪರೀಕ್ಷಿಸುವಾಗ ಕುಷ್ಠವನ್ನು ಮರೆಯಬಾರದು; ಆ ರೋಗ ಅತಿ ಹೆಚ್ಚಾಗಿ ಹಿಡಿಯುವ ನರಗಳಲ್ಲಿ ಇದೂ ಒಂದು. ಎಲುಬುಗಂಟಿನ ಮೇಲ್ಭಾಗದಲ್ಲಿ ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಕ್ಕರೆ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ, ಮೊದಲು ಆ ದಾರಿಯಲ್ಲಿ ಯೋಚಿಸಬೇಕು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಅದು ಗುಣವಾಗುತ್ತದೆ. ಕೆಲಸ ಹೋದೀತೆಂಬ ಭಯದಿಂದ ಮುಚ್ಚಿಟ್ಟವರ ಕೈ ಮಾತ್ರ ಕಾಯುವುದಿಲ್ಲ. ನಮ್ಮ ರೋಗಿಯಲ್ಲಿ ಅಂಥ ಲಕ್ಷಣಗಳಿರಲಿಲ್ಲ.

ಮುಂದಿನದು ನರವಹನ ಪರೀಕ್ಷೆ. ನರಕ್ಕೆ ಮೂರು ಕಡೆ, ಅಂದರೆ ಮಣಿಕಟ್ಟಿನಲ್ಲಿ, ಮೊಣಕೈಯ ಕೆಳಗೆ ಮತ್ತು ಮೊಣಕೈಯ ಮೇಲೆ, ಸಣ್ಣ ವಿದ್ಯುತ್ ತಟ್ಟನ್ನು ಕೊಟ್ಟು, ಕಿರುಬೆರಳ ಬುಡದ ಸ್ನಾಯು ಎಷ್ಟು ಹೊತ್ತಿಗೆ ಉತ್ತರಿಸುತ್ತದೆಂದು ಅಳೆಯುತ್ತಾರೆ. ನಮ್ಮ ರೋಗಿಯಲ್ಲಿ ಆ ಸಮಯಗಳು ಕ್ರಮವಾಗಿ 2.9, 6.7 ಮತ್ತು 9.3 ಮಿಲಿಸೆಕೆಂಡು. ಮಣಿಕಟ್ಟಿನಿಂದ ಮೊಣಕೈಯ ಕೆಳಗಿನವರೆಗೆ 220 ಮಿಲಿಮೀಟರ್ ದೂರ, 3.8 ಮಿಲಿಸೆಕೆಂಡು, ಭಾಗಿಸಿದರೆ ಸೆಕೆಂಡಿಗೆ ಸುಮಾರು 58 ಮೀಟರ್ ವೇಗ. ಮೊಣಕೈ ದಾಟುವ 100 ಮಿಲಿಮೀಟರಿಗೆ 2.6 ಮಿಲಿಸೆಕೆಂಡು ಹಿಡಿದಿದೆ, ಅಂದರೆ ಕೇವಲ 38 ಮೀಟರ್. ಇಲ್ಲಿ ವೇಗ 50ಕ್ಕಿಂತ ಕಡಿಮೆಯಿದ್ದರೆ, ಅಥವಾ ಮುಂಗೈಯ ವೇಗಕ್ಕಿಂತ 10ಕ್ಕೂ ಹೆಚ್ಚು ಇಳಿದಿದ್ದರೆ, ಮೊಣಕೈಯಲ್ಲಿ ತಡೆಯಿದೆ ಎನ್ನುತ್ತೇವೆ. ಇವರಲ್ಲಿ ಎರಡೂ ಇದ್ದವು.

ಈ ಅಂಕಿಗಳು ಸುಳ್ಳಾಡುವುದೂ ಉಂಟು. ಕೈಯನ್ನು ನೇರವಾಗಿಟ್ಟು ಅಳೆದರೆ ನರ ಒಳಗೆ ಸಡಿಲವಾಗಿ ಮಡಿಚಿಕೊಂಡಿರುತ್ತದೆ. ಚರ್ಮದ ಮೇಲಿನ ಟೇಪು ನರದ ನಿಜವಾದ ಉದ್ದವನ್ನು ತೋರಿಸದೆ ವೇಗ ಇರುವುದಕ್ಕಿಂತ ಕಡಿಮೆಯೆಂದು ಬರುತ್ತದೆ. ಆದ್ದರಿಂದ ಮೊಣಕೈಯನ್ನು 70ರಿಂದ 90 ಡಿಗ್ರಿ ಮಡಿಸಿಯೇ ಅಳೆಯಬೇಕು. ಹವಾನಿಯಂತ್ರಿತ ಕೊಠಡಿಯಲ್ಲಿ ತಣ್ಣಗಾದ ಕೈಯ ನರವೂ ನಿಧಾನವಾಗುವುದರಿಂದ ಮೊದಲು ಕೈ ಬೆಚ್ಚಗಾಗಬೇಕು. ಮಧುಮೇಹವಿದ್ದವರಲ್ಲಿ ಎಲ್ಲ ನರಗಳೂ ಮಂದವಾಗಿರಬಹುದು. ಇನ್ನೊಂದು ಕೈಯನ್ನೂ ಬೇರೆ ನರಗಳನ್ನೂ ನೋಡದೆ ತೀರ್ಮಾನಿಸುವುದು ಸರಿಯಲ್ಲ. ಕೊನೆಗೆ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ನೋಡುತ್ತಾರೆ. ವಿಶ್ರಾಂತಿಯಲ್ಲಿಯೂ ಅದು ತಾನಾಗಿಯೇ ಮಿಡಿಯುತ್ತಿದ್ದರೆ ನರದ ಕೆಲವು ಎಳೆಗಳು ಒಳಗೇ ಸತ್ತಿವೆ. ನಮ್ಮ ರೋಗಿಯಲ್ಲಿ ಹಾಗೆಯೇ ಇತ್ತು, ಚಿಕಿತ್ಸೆಯನ್ನು ನಿರ್ಧರಿಸಿದ್ದೂ ಅದೇ.

ಬರಿಯ ಜೋಮಿದ್ದು ಬಲ ಕುಂದದಿದ್ದವರಿಗೆ ಕತ್ತಿಯ ಅವಸರವಿಲ್ಲ. ಮೊಣಕೈ ಊರುವುದನ್ನು ಬಿಟ್ಟು, ರಾತ್ರಿ ಮೊಣಕೈಗೆ ಟವೆಲನ್ನು ಸಡಿಲವಾಗಿ ಸುತ್ತಿ ಅದು ಪೂರ್ತಿ ಮಡಿಯದಂತೆ ನೋಡಿಕೊಂಡರೆ, ಮೂರು ತಿಂಗಳಲ್ಲಿ ಅನೇಕರಿಗೆ ಗುಣ ಕಾಣುತ್ತದೆ. ಆದರೆ ಮಾಂಸ ಇಳಿಯತೊಡಗಿದವರು ಊರಿನ ರಜೆಗಾಗಿ ಕಾಯಬಾರದು.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾದ ದಾರಿಗಳು ಎರಡು. ಒಂದು, ನಾರಿನ ಪಟ್ಟಿಯನ್ನು ಸೀಳಿ ನರವನ್ನು ಇದ್ದಲ್ಲೇ ಬಿಡಿಸುವುದು. ಇನ್ನೊಂದು, ನರವನ್ನು ಎತ್ತಿ ಎಲುಬುಗಂಟಿನ ಮುಂದಕ್ಕೆ ಸಾಗಿಸುವುದು. ಎರಡನೆಯದು ಹೆಚ್ಚು ದೊಡ್ಡದಾದ್ದರಿಂದ ಹೆಚ್ಚು ಒಳ್ಳೆಯದೆಂದು ರೋಗಿಗಳು ಭಾವಿಸುತ್ತಾರೆ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಫಲ ಹೆಚ್ಚುಕಡಮೆ ಸಮನಾಗಿದ್ದು, ಸಾಗಿಸಿದವರಲ್ಲಿ ಗಾಯದ ಸೋಂಕು ಹೆಚ್ಚಾಗಿ ಕಂಡುಬಂದಿದೆ. ಹೀಗಾಗಿ ಸರಳವಾದದ್ದೇ ಮೊದಲು ಎಂಬುದು ನಮ್ಮ ಅಭಿಪ್ರಾಯ. ಮೊಣಕೈ ಮಡಿಸಿದಾಗ ನರ ಗಂಟಿನ ಮೇಲಿಂದ ಜಾರಿ ಮುಂದೆ ಹಾರುವುದಾದರೆ, ಅಥವಾ ಮೊದಲ ಶಸ್ತ್ರಚಿಕಿತ್ಸೆ ಫಲಿಸದಿದ್ದರೆ, ಸಾಗಿಸುವುದೇ ಸೂಕ್ತ. ಎರಡರಲ್ಲಿಯೂ ಚರ್ಮದ ಕೆಳಗಿನ ಒಂದು ಸಣ್ಣ ಸಂವೇದನಾ ನರ ಕತ್ತಿಗೆ ಸಿಲುಕುವ ಅಪಾಯವಿದೆ. ಸಿಲುಕಿದರೆ ಗಾಯದ ಗುರುತಿನ ಸುತ್ತ ಬಹುಕಾಲ ಉರಿ ಉಳಿಯಬಹುದು.

ನಮ್ಮ ರೋಗಿಗೆ ಇದ್ದಲ್ಲೇ ಬಿಡುಗಡೆ ಮಾಡಿಸಲಾಯಿತು. ರಾತ್ರಿಯ ಜೋಮು ಕೆಲವೇ ವಾರಗಳಲ್ಲಿ ಹೋಯಿತು, ಏಕೆಂದರೆ ಅದು ಒತ್ತಡದ ಫಲ. ಸತ್ತ ಎಳೆಗಳು ಮಾತ್ರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯಬೇಕು. ಮೊಣಕೈಯಿಂದ ಅಂಗೈಗೆ ಸುಮಾರು 300 ಮಿಲಿಮೀಟರ್, ಅಂದರೆ ಹತ್ತು ತಿಂಗಳ ಹಾದಿ. ಒಂದೂವರೆ ವರ್ಷಕ್ಕೂ ಮಿಕ್ಕಿ ನರವಿಲ್ಲದ ಸ್ನಾಯು ಆ ಹೊತ್ತಿಗೆ ನಾರಾಗಿರುತ್ತದೆ. ಇವರು ಹನ್ನೊಂದನೆಯ ತಿಂಗಳಿಗೆ ಗುಂಡಿಗಳನ್ನು ತಾವೇ ಹಾಕಿಕೊಳ್ಳತೊಡಗಿದರು. ಹೆಬ್ಬೆರಳ ಬದಿಯ ಹಳ್ಳ ಅರ್ಧದಷ್ಟು ತುಂಬಿದೆ. ಉಳಿದರ್ಧ ತುಂಬುವ ಸಂಭವ ಕಡಿಮೆಯೆಂದು ಅವರಿಗೆ ತಿಳಿಸಿದ್ದೇವೆ.